ಓದುವುದನ್ನು ಕೇಳುವುದು ಹೇಗೆ? ಮಕ್ಕಳ ತರಗತಿಗೆ ಸಲಹೆ ಬೇಕು

ಕುಂಬಳೆ ಟೀಚರ್

ಎಲ್ಲರಿಗೂ ನಮಸ್ಕಾರ. ಕುಂಬಳೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ನಮ್ಮ ವಾಚನಾಲಯದಲ್ಲಿ ಶನಿವಾರ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೇಳುವ ಪಾಠ ಶುರು ಮಾಡಿದ್ದೇವೆ. ಬರೆಯುವುದು ಇಲ್ಲ, ಪರೀಕ್ಷೆ ಇಲ್ಲ. ಕುಳಿತು ಕೇಳುವುದು, ಕೇಳಿದ್ದನ್ನು ಹೇಳುವುದು, ಅಷ್ಟೇ.

ಕಳೆದ ವಾರ ಮೂರು ತುಣುಕು ಹಾಕಿದೆ. ಒಂದು ರುದ್ರ, ಒಂದು ಖುರ್‌ಆನ್, ಒಂದು ಚರ್ಚಿನ ಹಳೆಯ ಲ್ಯಾಟಿನ್ ಕೀರ್ತನೆ. ಪ್ರತಿಯೊಂದೂ ಇಪ್ಪತ್ತು ಸೆಕೆಂಡ್. ನಮ್ಮ ಮಕ್ಕಳು ಈ ಮೂರನ್ನೂ ದಿನವೂ ಕಿವಿಯಂಚಿನಲ್ಲಿ ಕೇಳಿಕೊಂಡೇ ಬೆಳೆದವರು. ಆದರೆ ತರಗತಿಯಲ್ಲಿ ಬಂದ ಉತ್ತರ: "ಎಲ್ಲಾ ಒಂದೇ ತರ ಟೀಚರ್. ಒಂದೇ ರಾಗದಲ್ಲಿ ಎಳೆಯುತ್ತಾರೆ." ಒಬ್ಬಳು ಮಾತ್ರ "ಖುರ್‌ಆನ್‌ನಲ್ಲಿ ಮೂಗಿನಿಂದ ಒಂದು ಸ್ವರ ಬರುತ್ತದೆ" ಅಂದಳು.

ಭಾಷೆ ಗೊತ್ತಿಲ್ಲದ ಮಗುವಿಗೆ ಇಲ್ಲಿ ಏನನ್ನು ಕೇಳು ಅಂತ ಹೇಳಬೇಕು? ಅರ್ಥ ಮೊದಲೇ ಹೇಳಿಕೊಟ್ಟರೆ ಅದು ಕೇಳುವ ಪಾಠ ಆಗುವುದಿಲ್ಲ. ಹೇಳದೇ ಇದ್ದರೆ ಶಬ್ದ ಸುಮ್ನೆ ಹರಿದು ಹೋಗುತ್ತದೆ. ಗೊತ್ತಿರುವವರು ದಾರಿ ತೋರಿಸಿ.

ಹೊಸಂಗಡಿ ಗೇಟ್

ಟೀಚರ್, ಮಕ್ಕಳಿಗೆ ಕೇಳುವುದನ್ನು ಕಲಿಸುವ ಮೊದಲು ಮೈಕಿನ ಶಬ್ದ ಕಡಿಮೆ ಮಾಡಿಸಿ. ನಮ್ಮ ಮನೆಯ ಒಂದು ಕಡೆ ದೇವಸ್ಥಾನದ ಮೈಕ್, ಇನ್ನೊಂದು ಕಡೆ ಪಳ್ಳಿಯ ಮೈಕ್. ಉತ್ಸವದ ಹತ್ತು ದಿನ ಮನೆಯಲ್ಲಿ ಫೋನ್‌ನಲ್ಲಿ ಮಾತಾಡಲು ಆಗುವುದಿಲ್ಲ. ನನ್ನ ತಾಯಿಗೆ ಎಂಬತ್ತು ದಾಟಿದೆ, ನಿದ್ದೆ ಇಲ್ಲ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕುಂಬಳೆ ಟೀಚರ್

ತಾಯಿಯವರ ಕಷ್ಟ ಅರ್ಥ ಆಗುತ್ತದೆ ಅಣ್ಣ. ನಾನು ಕೇಳಿದ್ದು ಬೇರೆ ವಿಷಯ. ಶಬ್ದ ಎಷ್ಟು ದೊಡ್ಡದು ಅಂತ ಅಲ್ಲ, ಅದರೊಳಗೆ ಏನಿದೆ ಅಂತ.

ಮಧೂರು ದಾರಿ

ಅರ್ಥದ ಚಿಂತೆಯೇ ಬೇಡ ಟೀಚರ್. ಮಂತ್ರದಲ್ಲಿ ಅರ್ಥ ಮುಖ್ಯ ಅಲ್ಲ, ಶಬ್ದವೇ ಮುಖ್ಯ. ಮಕ್ಕಳಿಗೆ ಮೂರು ಸ್ವರ ಹೇಳಿಕೊಡಿ ಸಾಕು. ಉದಾತ್ತ ಅಂದರೆ ಮೇಲಿನ ಸ್ವರ, ಅನುದಾತ್ತ ಕೆಳಗಿನದು, ಸ್ವರಿತ ಇವೆರಡರ ನಡುವಿನದು. ಇದು ಹಿಡಿದರೆ ರುದ್ರ ಪೂರ್ತಿ ಹಿಡಿದ ಹಾಗೆ. ಬೇರೆ ಎರಡರ ಬಗ್ಗೆ ನನಗೆ ಗೊತ್ತಿಲ್ಲ.

ನೀರ್ಚಾಲಿನವ

ಮಧೂರಿನವರು ಹೇಳಿದ್ದು ಪುಸ್ತಕದಲ್ಲಿ ಇರುವುದು. ಪಾಣಿನಿಯ ಸೂತ್ರವೂ ಉದಾತ್ತವನ್ನು ಎತ್ತರದ್ದು ಅಂತಲೇ ಹೇಳುತ್ತದೆ. ಆದರೆ ಟೀಚರ್ ಅದನ್ನೇ ಹೇಳಿಕೊಟ್ಟು ರೆಕಾರ್ಡ್ ಹಾಕಿದರೆ ಮಕ್ಕಳಿಗೆ ತಾಳೆ ಆಗುವುದೇ ಇಲ್ಲ. ನಮ್ಮ ಕಡೆ ಯಜುರ್ವೇದ ಹೇಳುವಾಗ ಕಿವಿಗೆ ಕೇಳುವುದು ಹೀಗೆ: ಗುರುತು ಇಲ್ಲದ ಉದಾತ್ತ ನಡುವಿನಲ್ಲಿ ಇರುತ್ತದೆ. ಅಕ್ಷರದ ಕೆಳಗೆ ಅಡ್ಡಗೆರೆ ಇರುವ ಅನುದಾತ್ತ ಕೆಳಗೆ ಇಳಿಯುತ್ತದೆ. ತಲೆಯ ಮೇಲೆ ನೆಟ್ಟಗೆರೆ ಇರುವ ಸ್ವರಿತವೇ ಎಲ್ಲಕ್ಕಿಂತ ಮೇಲೆ ಹೋಗುತ್ತದೆ. ಹೆಸರು ಹಳೆಯ ಕಾಲದ್ದು, ಬಾಯಿ ಇಂದಿನದು.

ನಾನು ಸಣ್ಣವನಿದ್ದಾಗ ಸಂತೆ, ಅಂದರೆ ಗುರುಗಳ ಬಾಯಿಂದ ಕೇಳಿ ಹೇಳುವ ವೇದಪಾಠ, ಹೇಳಿಸಿಕೊಂಡವನು. ಗುರುಗಳು ಒಮ್ಮೆ ಹೇಳಿದರೆ ನಾವು ಎರಡು ಸಲ ಹೇಳಬೇಕು. ಸ್ವರ ಇಳಿಯುವಲ್ಲಿ ನಮ್ಮ ತಲೆಯನ್ನು ಕೈಯಿಂದ ಮೆಲ್ಲಗೆ ಕೆಳಗೆ ಒತ್ತುತ್ತಿದ್ದರು. ನಾಲಿಗೆಗೆ ಮೊದಲು ಕುತ್ತಿಗೆಗೆ ಪಾಠ ಬರುತ್ತಿತ್ತು.

ರುದ್ರದ ಮೊದಲ ಎಂಟು ಅಕ್ಷರ ಮಾತ್ರ ತೆಗೆದುಕೊಳ್ಳಿ. ನ-ಮ-ಸ್ತೇ-ರು-ದ್ರ-ಮ-ನ್ಯ-ವ. ಮಕ್ಕಳ ಕೈಗೆ ಪೆನ್ಸಿಲ್ ಕೊಡಿ, ಕೇಳಿದ ಹಾಗೆ ಗೆರೆ ಎಳೆಯಲಿ. 'ನ' ನಡುವೆ. 'ಮ' ಮೇಲೆ. 'ಸ್ತೇ ರು ದ್ರ' ಮೂರೂ ನಡುವೆ, ಒಂದೇ ಮಟ್ಟ. ಮತ್ತೆ 'ಮ' ಕೆಳಗೆ, 'ನ್ಯ' ನಡುವೆ, 'ವ' ಮೇಲೆ. ಕಾಗದದಲ್ಲಿ ಒಂದು ಗುಡ್ಡ, ಒಂದು ಬಯಲು, ಒಂದು ಹೊಂಡ, ಮತ್ತೆ ಒಂದು ಗುಡ್ಡ ಬರಬೇಕು.

ಈಗ ಆ ಬಯಲಿನ ವಿಷಯ. ಅಲ್ಲಿ ಯಾಕೆ ಏರಿಳಿತ ಇಲ್ಲ? 'ರುದ್ರ' ಅನ್ನುವ ಪದಕ್ಕೆ ತನ್ನದೇ ಉದಾತ್ತ ಇದೆ, ಕೊನೆಯ ಅಕ್ಷರದ ಮೇಲೆ. 'ರುದ್ರ ಹೀಗೆ ಮಾಡಿದ' ಅಂತ ರುದ್ರನ ಬಗ್ಗೆ ಮಾತಾಡುವ ವಾಕ್ಯ ಆಗಿದ್ದರೆ ಆ ಸ್ವರ ಉಳಿಯುತ್ತಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ರುದ್ರನನ್ನು ಎದುರಿಗೆ ಇಟ್ಟುಕೊಂಡು ಕರೆಯುವುದು: ರುದ್ರನೇ, ನಿನ್ನ ಕೋಪಕ್ಕೆ ನಮಸ್ಕಾರ. ಕರೆಯುವ ಪದ ಸಾಲಿನ ನಡುವೆ ಬಂದರೆ ತನ್ನ ಸ್ವರ ಬಿಟ್ಟುಕೊಡುತ್ತದೆ. 'ತೇ', ಅಂದರೆ 'ನಿನ್ನ' ಅನ್ನುವ ಆ ಸಣ್ಣ ಪದಕ್ಕೂ ಸ್ವಂತ ಸ್ವರ ಇಲ್ಲ. ಹಾಗಾಗಿ ಬಯಲು ಕೇಳಿದ ಕೂಡಲೇ ತಿಳಿದ ಕಿವಿಗೆ ಗೊತ್ತಾಗುತ್ತದೆ, ಇವರು ದೇವರ ಕತೆ ಹೇಳುತ್ತಿಲ್ಲ, ದೇವರ ಹತ್ತಿರ ಮಾತಾಡುತ್ತಿದ್ದಾರೆ.

ಕುಂಬಳೆ ಟೀಚರ್

ಇದನ್ನು ಓದಿ ನಾನೇ ಮೂರು ಸಲ ಹಾಕಿ ಕೇಳಿದೆ. ಹೌದು, ಬಯಲು ಸಿಕ್ಕಿತು. ಇಷ್ಟು ವರ್ಷ ಕೇಳಿದ್ದೇನೆ, ಒಂದು ದಿನವೂ ಗಮನಿಸಿರಲಿಲ್ಲ.

ಮಧೂರು ದಾರಿ

ಸ್ವರಿತದ ವಿಷಯ ಒಪ್ಪಿದೆ. ನಾನು ಪುಸ್ತಕದಿಂದ ಹೇಳಿದೆ, ಕಿವಿಯಿಂದ ಅಲ್ಲ. ಆದರೆ ನನ್ನ ಮೊದಲ ಮಾತು ಹಾಗೇ ಇದೆ. ಈ ವ್ಯಾಕರಣ ಗೊತ್ತಿಲ್ಲದೆ ಸಾವಿರಾರು ಜನ ರುದ್ರ ಹೇಳುತ್ತಾರೆ, ಕೇಳುತ್ತಾರೆ. ಅವರಿಗೆ ಏನೂ ಸಿಗುವುದಿಲ್ಲ ಅಂತೀರಾ?

ನೀರ್ಚಾಲಿನವ

ಹಾಗೆ ಹೇಳುವ ಧೈರ್ಯ ನನಗಿಲ್ಲ. ನೀವು ಎತ್ತಿದ್ದು ಬಹಳ ಹಳೆಯ ಜಗಳ. ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕರ ನಿರುಕ್ತದಲ್ಲಿ ಕೌತ್ಸ ಅನ್ನುವವರ ವಾದ ಬರುತ್ತದೆ, ಮಂತ್ರಗಳಿಗೆ ಅರ್ಥವೇ ಇಲ್ಲ ಅಂತ. ಪದಗಳ ಜಾಗ ಬದಲಿಸಲು ಬಿಡುವುದಿಲ್ಲ, ಒಂದು ಪದಕ್ಕೆ ಅದೇ ಅರ್ಥದ ಇನ್ನೊಂದನ್ನು ಹಾಕಲು ಬಿಡುವುದಿಲ್ಲ, ಮತ್ತೆ ಇದು ಹೇಗೆ ಮಾತು ಆಗುತ್ತದೆ ಅಂತ ಅವರ ಪ್ರಶ್ನೆ. ಯಾಸ್ಕರು ಒಪ್ಪುವುದಿಲ್ಲ. ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಅಂತಾರೆ.

ಆದರೆ 'ಶಬ್ದ ಮುಖ್ಯ, ಅರ್ಥ ಬೇಡ' ಅನ್ನುವುದಕ್ಕೆ ಎದುರಾಗಿ ಒಂದು ಕತೆ ವೇದದಲ್ಲೇ ಇದೆ. ತ್ವಷ್ಟೃ ಇಂದ್ರನ ಮೇಲಿನ ಸಿಟ್ಟಿನಲ್ಲಿ ಹೋಮ ಮಾಡಿ 'ಇಂದ್ರಶತ್ರುವೇ, ಬೆಳೆ' ಅಂದ. ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಅಂತ ಅವನ ಆಸೆ. ಹಾಗೆ ಆಗಬೇಕಾದರೆ ಉದಾತ್ತ ಪದದ ಕೊನೆಗೆ ಬೀಳಬೇಕು. ಅವನು ಮೊದಲಿಗೆ ಹಾಕಿದ. ಆಗ ಅದೇ ಪದಕ್ಕೆ 'ಇಂದ್ರನೇ ಯಾರನ್ನು ಕೊಲ್ಲುವನೋ ಅವನು' ಅಂತ ಅರ್ಥ. ಅಕ್ಷರ ಒಂದೂ ಬದಲಾಗಲಿಲ್ಲ. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿಯ ಮಹಾಭಾಷ್ಯದ ಶುರುವಿನಲ್ಲೇ, ವ್ಯಾಕರಣ ಯಾಕೆ ಕಲಿಯಬೇಕು ಅನ್ನುವುದಕ್ಕೆ, ಈ ಉದಾಹರಣೆ ಬರುತ್ತದೆ.

ಉಪ್ಪಳದ ಉಸ್ತಾದ್

ಅಸ್ಸಲಾಮು ಅಲೈಕುಂ, ಎಲ್ಲರಿಗೂ. ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ನೀರ್ಚಾಲಿನ ಅಣ್ಣನ ಇಂದ್ರಶತ್ರು ಕತೆ ಓದಿ ರೋಮಾಂಚನ ಆಯ್ತು. ಯಾಕೆಂದರೆ ನಮ್ಮಲ್ಲಿ ಮೊದಲ ವಾರವೇ ಮಕ್ಕಳಿಗೆ ಹೆದರಿಸಿ ಹೇಳುವ ತಪ್ಪು ಇಂಥದ್ದೇ. ಖುರ್‌ಆನ್‌ನ ಮೊದಲ ಅಧ್ಯಾಯ ಫಾತಿಹಾದಲ್ಲಿ 'ಅನ್‌ಅಮ್ತ' ಅಂತ ಒಂದು ಪದ. 'ನೀನು ಅನುಗ್ರಹಿಸಿದೆ' ಅಂತ ಅರ್ಥ, ದೇವರಿಗೆ ಹೇಳುವುದು. ಮಗು ಬಾಯಿ ತಪ್ಪಿ 'ಅನ್‌ಅಮ್ತು' ಅಂದರೆ 'ನಾನು ಅನುಗ್ರಹಿಸಿದೆ' ಅಂತ ಆಗುತ್ತದೆ. ಅಲ್ಲಿ ಒಂದು ಸ್ವರದ ಎತ್ತರ, ಇಲ್ಲಿ ಒಂದು ಉಕಾರ. ನಮಾಜಿನಲ್ಲಿ ಓದುತ್ತಿರುವವರು ಹೀಗೆ ತಪ್ಪಿದರೆ ಹಿಂದೆ ನಿಂತವರು ಅಲ್ಲಿಯೇ ತಿದ್ದುತ್ತಾರೆ.

ಟೀಚರ್, ಮೊದಲು ಒಂದು ವಿನಂತಿ. ಮಕ್ಕಳಿಗೆ 'ಖುರ್‌ಆನ್ ಹಾಡು' ಅಂತ ಹೇಳಬೇಡಿ. ನಮಗೆ ಅದು ಹಾಡುವುದಲ್ಲ, ಓದುವುದು. ಮಾಪ್ಪಿಳಪ್ಪಾಟ್ಟು ಹಾಡು. ಖುರ್‌ಆನ್ ಓತು. ಸ್ವರ ಎಷ್ಟು ಚೆನ್ನಾಗಿದ್ದರೂ ಅಕ್ಷರದ ಉದ್ದ ತಪ್ಪಿದರೆ ಆ ಓದು ತಪ್ಪೇ. ರಾಗಕ್ಕೋಸ್ಕರ ಪದ ಎಳೆಯಲು ಅನುಮತಿ ಇಲ್ಲ.

ನಿಮ್ಮ ಮಗು ಮೂಗಿನ ಸ್ವರ ಹಿಡಿದದ್ದು ಸರಿಯಾಗಿದೆ. ಅದು 'ನ', 'ಮ' ಒತ್ತಾಗಿ ಬಂದಲ್ಲಿ ಎರಡು ಎಣಿಕೆ ನಿಲ್ಲುತ್ತದೆ. ಆದರೆ ಶುರುವಿಗೆ ಇನ್ನೂ ಸುಲಭದ್ದು ಇದೆ. ಫಾತಿಹಾದ ಕೊನೆಯ ಪದ, 'ವಲದ್ದಾಲ್ಲೀನ್'. ಅದರ 'ದ್ದಾ' ಆರು ಎಣಿಕೆ ಎಳೆಯಬೇಕು. ಮಾಮೂಲಿ ದೀರ್ಘ ಎರಡು ಎಣಿಕೆ. ಉದ್ದ ಸ್ವರದ ಹಿಂದೆಯೇ 'ಲ್ಲ' ಅಂತ ಒತ್ತಕ್ಷರ ಬರುವುದರಿಂದ ಇಲ್ಲಿ ಮೂರು ಪಟ್ಟು. ಬೆರಳು ಒಂದೊಂದಾಗಿ ಮಡಚುತ್ತಾ ಎಣಿಸುವುದು ನಮ್ಮ ಹಳೆಯ ಕ್ರಮ. ಮಕ್ಕಳೂ ಹಾಗೆ ಮಾಡಲಿ. ಅದಕ್ಕೆ ಈಜಿಪ್ಟಿನ ಮಹಮೂದ್ ಖಲೀಲ್ ಅಲ್-ಹುಸರಿಯವರ ಓದು ಒಳ್ಳೆಯದು. 1960ರ ದಶಕದ ಶುರುವಿನಲ್ಲಿ ಪೂರ್ತಿ ಖುರ್‌ಆನ್ ರೆಕಾರ್ಡ್ ಮಾಡಿದವರು. ನಿಧಾನ, ಅಲಂಕಾರ ಕಡಿಮೆ, ಪ್ರತಿ ಅಕ್ಷರ ಎಣಿಸಬಹುದು.

ಕುಂಬಳೆ ಟೀಚರ್

ಕ್ಷಮಿಸಿ ಉಸ್ತಾದ್, ತರಗತಿಯಲ್ಲಿ ನಾನು ಹಾಡು ಅಂತಲೇ ಹೇಳಿದ್ದೆ. ತಿದ್ದಿಕೊಳ್ಳುತ್ತೇನೆ. 'ಓತು' ಅಂದಿರಲ್ಲ, ಅದು ನಮ್ಮ 'ಓದು' ತಾನೇ?

ನೀರ್ಚಾಲಿನವ

ಉಸ್ತಾದರು ಹೇಳುವ ಮೊದಲು ನಾನು ಒಂದು ಮಾತು ಸೇರಿಸುತ್ತೇನೆ. ಮಲಯಾಳದಲ್ಲಿ ನಂಬೂದಿರಿಗಳು ವೇದ ಹೇಳುವುದಕ್ಕೂ 'ಓತ್ತ್' ಅಂತಲೇ ಹೆಸರು. ಮಾಪ್ಪಿಳ ಮಕ್ಕಳು ಖುರ್‌ಆನ್ ಕಲಿಯಲು ಹೋಗುತ್ತಿದ್ದದ್ದು 'ಓತ್ತುಪಳ್ಳಿ'ಗೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರ ಹಾಡುವವರು 'ಓದುವಾರ್'. ನಮ್ಮಲ್ಲಿ ಮಾತ್ರ 'ಓದು' ಪುಸ್ತಕಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಕೊಂಡಿತು.

ಉಪ್ಪಳದ ಉಸ್ತಾದ್

ಖುರ್‌ಆನ್ ಅನ್ನುವ ಪದದ ಮೂಲವೂ ಓದುವುದು, ಜೋರಾಗಿ ಓದುವುದು ಅಂತಲೇ.

ಧ್ವನಿಪೆಟ್ಟಿಗೆ

ನಾನು ಬದಿಯಡ್ಕದವನು, ಈಗ ಮಂಗಳೂರಿನಲ್ಲಿ ರೆಕಾರ್ಡಿಂಗ್ ಕೆಲಸ. ಟೀಚರ್, ಒಂದು ಪ್ರಶ್ನೆ. ಆ ಇಪ್ಪತ್ತು ಸೆಕೆಂಡ್ ತುಣುಕುಗಳನ್ನು ಹೇಗೆ ಕತ್ತರಿಸಿದಿರಿ?

ಕುಂಬಳೆ ಟೀಚರ್

ಫೋನ್‌ನಲ್ಲೇ. ಗಡಿಯಾರ ನೋಡಿ ಸರಿಯಾಗಿ ಇಪ್ಪತ್ತು ಸೆಕೆಂಡ್. ಕಿವಿಗೆ ಹಿತವಾಗಲಿ ಅಂತ ಶುರುವಿನಲ್ಲೂ ಕೊನೆಯಲ್ಲೂ ಶಬ್ದ ಮೆಲ್ಲಗೆ ಏರಿ ಇಳಿಯುವ ಹಾಗೆ ಮಾಡಿದ್ದೆ.

ಧ್ವನಿಪೆಟ್ಟಿಗೆ

ನಿಮ್ಮ ಮಕ್ಕಳಿಗೆ ಎಲ್ಲಾ ಒಂದೇ ತರ ಕೇಳಿದ್ದು ಅದಕ್ಕೇ. ಮಕ್ಕಳ ಕಿವಿಯ ತಪ್ಪಲ್ಲ. ಈ ಮೂರರಲ್ಲೂ ನಡುವಿನ ಭಾಗ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಹೋಗುತ್ತದೆ. ಗುರುತು ಸಿಗುವುದು ಶುರುವಾಗುವಲ್ಲಿ ಮತ್ತು ನಿಲ್ಲುವಲ್ಲಿ. ನೀವು ಆ ಎರಡನ್ನೂ ಅಳಿಸಿ ನಡುವಿನ ಭಾಗ ಮಾತ್ರ ಕೇಳಿಸಿದ್ದೀರಿ. ಮಾತಾಡುವವರ ಮುಖ ಮುಚ್ಚಿ ಬೆನ್ನು ತೋರಿಸಿದ ಹಾಗೆ.

ಇನ್ನು ಮೇಲೆ ಸಮಯ ನೋಡಿ ಕತ್ತರಿಸಬೇಡಿ, ಉಸಿರು ನೋಡಿ ಕತ್ತರಿಸಿ. ಹೇಳುವವರು ಉಸಿರು ಎಳೆದುಕೊಳ್ಳುವ ಸಣ್ಣ ಶಬ್ದದಿಂದ ಶುರು ಮಾಡಿ. ನಿಂತ ಮೇಲೆ ಒಂದು ಸೆಕೆಂಡ್ ಮೌನ ಉಳಿಸಿ. ಏರಿಳಿಸುವುದು ಬೇಡ. ಹನ್ನೊಂದು ಸೆಕೆಂಡ್ ಆದರೆ ಹನ್ನೊಂದೇ ಇರಲಿ.

ಮತ್ತೊಂದು. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ರೆಕಾರ್ಡ್‌ಗಳಿಗೆ ಇಕೋ ತುಂಬಿಸಿರುತ್ತಾರೆ. ನಿಂತ ಪದದ ಬಾಲ ಮುಂದಿನ ಸಾಲಿನ ಮೇಲೆ ಬೀಳುತ್ತದೆ, ಆಗ ಎಲ್ಲಿ ನಿಂತರು ಅಂತಲೇ ಗೊತ್ತಾಗುವುದಿಲ್ಲ. ನೋಡುವುದು ಸುಲಭ. ಸಾಲು ಮುಗಿದ ಕಡೆ ಪಾಸ್ ಒತ್ತುವ ಮೊದಲು ಪೂರ್ತಿ ಮೌನ ಕೇಳಿಸುತ್ತದಾ? ಇಲ್ಲದಿದ್ದರೆ ಆ ರೆಕಾರ್ಡ್ ಪಾಠಕ್ಕೆ ಬೇಡ.

ಪೆರ್ಲದ ಮಾಣಿ

ನನ್ನದೊಂದು ಅನುಭವ. ನಾನು ರುದ್ರ ಕಲಿತದ್ದು ಫೋನ್‌ನಿಂದ, ಹಿಂದೆ ತಂಬೂರಿ, ಕೊಳಲು ಎಲ್ಲ ಇದ್ದ ಒಂದು ರೆಕಾರ್ಡಿನಿಂದ. ಬಸ್ಸಿನಲ್ಲಿ ಹೋಗುವಾಗ ದಿನಾ ಕೇಳಿ ಬಾಯಿಪಾಠ ಮಾಡಿದೆ. ಅಪ್ಪನ ಷಷ್ಟಿಪೂರ್ತಿಯಲ್ಲಿ ಎಲ್ಲರ ಜೊತೆ ಹೇಳಲು ಕುಳಿತೆ. ಎರಡನೇ ಅನುವಾಕಕ್ಕೆ ಬರುವಾಗ ಪಕ್ಕದಲ್ಲಿದ್ದ ದೊಡ್ಡಪ್ಪ ನನ್ನ ಮೊಣಕಾಲು ಮುಟ್ಟಿ "ಮೆಲ್ಲಗೆ ಹೇಳು" ಅಂದರು. ಪದ ಎಲ್ಲ ಸರಿ ಇತ್ತು. ಸ್ವರ ಒಂದೂ ಸರಿ ಇರಲಿಲ್ಲ, ಆ ರೆಕಾರ್ಡಿನವರು ರಾಗಕ್ಕೆ ಹೊಂದಿಸಿದ್ದರು. ಆಮೇಲೆ ದೊಡ್ಡಪ್ಪನೇ ಕೂರಿಸಿ ತಿದ್ದಿದರು. ಹೊಸದಾಗಿ ಕಲಿಯುವುದಕ್ಕಿಂತ ಕಲಿತದ್ದನ್ನು ಬಿಡಲು ಜಾಸ್ತಿ ದಿನ ಬೇಕಾಯ್ತು. ಅದಕ್ಕೆ ಟೀಚರ್, ತಂಬೂರಿ ಇಲ್ಲದ ರೆಕಾರ್ಡ್ ಹುಡುಕಿ.

ನೀರ್ಚಾಲಿನವ

ಮಾಣಿ ಹೇಳಿದ್ದು ಸರಿ. ಇನ್ನೊಂದು ಎಚ್ಚರಿಕೆ, ನಂಬೂದಿರಿ ಓತ್ತು ಮತ್ತು ನಮ್ಮ ಕಡೆಯದು ಒಂದೇ ತರಗತಿಯಲ್ಲಿ ಬೆರೆಸಬೇಡಿ. ತೃಶ್ಶೂರಿನ ಪಾಞ್ಞಾಳ್‌ನಲ್ಲಿ 1975ರಲ್ಲಿ ನಡೆದ ಅಗ್ನಿಚಯನ ಯಾಗದ ರೆಕಾರ್ಡ್ ತುಂಬಾ ದೊಡ್ಡದು, ಕೇಳಲೇಬೇಕಾದ್ದು. ಆದರೆ ಅವರ ಸ್ವರದ ರೀತಿ ಬೇರೆ. ನಾನು ಹೇಳಿದ ಗುಡ್ಡ-ಹೊಂಡ ಅಲ್ಲಿ ಹುಡುಕಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ.

ಬೇಳದವಳು

ನಾನು ಬೇಳದ ಇಗರ್ಜಿಯವಳು. ನಿಲ್ಲುವುದರ ಬಗ್ಗೆ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಲ್ಯಾಟಿನ್ ಕೀರ್ತನೆಯ ಒಂದೊಂದು ಸಾಲಿಗೂ ಎರಡು ಅರ್ಧ ಇರುತ್ತದೆ. ಪುಸ್ತಕದಲ್ಲಿ ನಡುವೆ ಒಂದು ನಕ್ಷತ್ರದ ಗುರುತು. ಮೊದಲ ಅರ್ಧ ಒಂದೇ ಸ್ವರದಲ್ಲಿ ಹೋಗಿ ನಕ್ಷತ್ರದ ಹತ್ತಿರ ಸ್ವಲ್ಪ ತಿರುಗುತ್ತದೆ, ನಿಲ್ಲುತ್ತದೆ. ಆಮೇಲೆ ಎರಡನೇ ಅರ್ಧ ಮತ್ತೆ ಅದೇ ಸ್ವರದಲ್ಲಿ ಹೋಗಿ ಕೊನೆಗೆ ಬೇರೆ ತರ ಇಳಿದು ಮನೆ ಸೇರುತ್ತದೆ. ಮೊದಲ ನಿಲುಗಡೆ ಕೇಳಿದರೆ "ಇನ್ನೂ ಇದೆ" ಅನ್ನಿಸುತ್ತದೆ. ಎರಡನೆಯದು ಕೇಳಿದರೆ "ಮುಗಿಯಿತು" ಅನ್ನಿಸುತ್ತದೆ. ಭಾಷೆ ಒಂದಕ್ಷರ ಗೊತ್ತಿಲ್ಲದವರಿಗೂ ಇದು ಗೊತ್ತಾಗುತ್ತದೆ. ಕನ್ನಡದಲ್ಲಿ 'ಬಂದ?' ಮತ್ತು 'ಬಂದ.' ಬೇರೆ ಅಂತ ಗೊತ್ತಾಗುವುದಿಲ್ಲವಾ, ಹಾಗೆ.

ನನ್ನ ಅಜ್ಜ ಲ್ಯಾಟಿನ್ ಕಾಲದವರು. ಶುಭ ಶುಕ್ರವಾರದ ಓದನ್ನು ಅವರು ನಮಗೆ ಮನೆಯಲ್ಲಿ ಮಾಡಿ ತೋರಿಸುತ್ತಿದ್ದರು. ಯೇಸುವಿನ ಮರಣದ ಕತೆಯನ್ನು ಮೂರು ಜನ ಹಂಚಿಕೊಂಡು ಹಾಡುವುದು. ಕತೆ ಹೇಳುವವನದು ನಡುವಿನ ಸ್ವರ. ಪಿಲಾತ, ಪೇತ್ರ, ಜನರ ಗುಂಪು, ಇವರ ಮಾತೆಲ್ಲ ಮೇಲಿನ ಸ್ವರದಲ್ಲಿ. ಯೇಸುವಿನ ಮಾತು ಎಲ್ಲಕ್ಕಿಂತ ಕೆಳಗೆ, ನಿಧಾನ. ಅಜ್ಜ ಒಬ್ಬರೇ ಮೂರೂ ಮಾಡುತ್ತಿದ್ದರು. ಗುಂಪು ಕೂಗುವಾಗ ಅವರ ಕುತ್ತಿಗೆಯ ನರ ಎದ್ದು ಬರುತ್ತಿತ್ತು, ಮತ್ತೆ ಒಂದು ಕ್ಷಣ ಸುಮ್ಮನಿದ್ದು ಕೆಳಗೆ ಇಳಿಯುತ್ತಿದ್ದರು. ಯಾರು ಮಾತಾಡುತ್ತಿದ್ದಾರೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಎತ್ತರವೇ ಹೆಸರು ಹೇಳುತ್ತಿತ್ತು. ನಾನು ಮೊದಲ ಸಲ ಆ ಕೆಳಗಿನ ಸ್ವರ ಕೇಳಿ ಅತ್ತದ್ದು ನೆನಪಿದೆ, ಪದ ಒಂದೂ ಗೊತ್ತಿರಲಿಲ್ಲ.

ಮಧೂರಿನವರ ಪ್ರಶ್ನೆಗೆ ಇದು ಉತ್ತರವಾ ಅಂತ ನನಗೆ ಗೊತ್ತಿಲ್ಲ.

ಮಧೂರು ದಾರಿ

ನನ್ನ ಕಡೆಗೇ ಬರುತ್ತದೆ ಅಕ್ಕ. ಅರ್ಥ ಗೊತ್ತಿಲ್ಲದೆ ನಿಮಗೆ ಸಿಕ್ಕಿತಲ್ಲ.

ನೀರ್ಚಾಲಿನವ

ಕತೆ ಅವರಿಗೆ ಮೊದಲೇ ಗೊತ್ತಿತ್ತಲ್ಲ ಮಾರಾಯ್ರೆ. ಪದ ಗೊತ್ತಿರಲಿಲ್ಲ, ಯಾರು ಸಾಯುತ್ತಿದ್ದಾರೆ ಅಂತ ಗೊತ್ತಿತ್ತು.

ಧ್ವನಿಪೆಟ್ಟಿಗೆ

ಬೇಳದ ಅಕ್ಕ ಹೇಳಿದ ಮೂರು ಸ್ವರದ ಓದು ಹಾಕುವುದಾದರೆ ಫೋನ್ ಸ್ಪೀಕರ್‌ನಲ್ಲಿ ಹಾಕಬೇಡಿ ಟೀಚರ್. ಸಣ್ಣ ಸ್ಪೀಕರ್‌ನಲ್ಲಿ ಕೆಳಗಿನ ಸ್ವರ ತೆಳ್ಳಗಾಗಿ ಬಿಡುತ್ತದೆ. ಅಲ್ಲಿ ಮುಖ್ಯವಾದದ್ದೇ ಅದು. ವಾಚನಾಲಯದಲ್ಲಿ ದೊಡ್ಡ ಪೆಟ್ಟಿಗೆ ಇದ್ದರೆ ಅದಕ್ಕೆ ಸೇರಿಸಿ.

ಉಪ್ಪಳದ ಉಸ್ತಾದ್

ನಿಲ್ಲುವ ವಿಷಯ ನಮ್ಮಲ್ಲಿ ಒಂದು ದೊಡ್ಡ ಪಾಠ. ಅದಕ್ಕೆ ವಕ್ಫ್ ಅಂತ ಹೆಸರು. ಆಸ್ತಿಯ ವಕ್ಫ್ ಅಂತ ಕೇಳಿರುತ್ತೀರಿ, ಪದ ಅದೇ. ಅಲ್ಲಿ ಮಾರಾಟ ನಿಲ್ಲುತ್ತದೆ, ಇಲ್ಲಿ ಉಸಿರು ನಿಲ್ಲುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅಂತ ಮುಸ್‌ಹಫ್‌ನಲ್ಲಿ, ಅಂದರೆ ಬರೆದ ಖುರ್‌ಆನ್ ಪ್ರತಿಯಲ್ಲಿ, ಸಾಲಿನ ಮೇಲೆ ಸಣ್ಣ ಅಕ್ಷರಗಳು ಇರುತ್ತವೆ.

ಒಂದೇ ಉದಾಹರಣೆ ಕೊಡುತ್ತೇನೆ. ಮೂರನೇ ಅಧ್ಯಾಯ ಆಲ ಇಮ್ರಾನ್, ಏಳನೇ ವಚನ. ಖುರ್‌ಆನ್‌ನಲ್ಲಿ ಕೆಲವು ವಚನ ಸ್ಪಷ್ಟ, ಕೆಲವು ಸುಲಭವಾಗಿ ಬಿಡಿಸಲು ಆಗದವು ಅಂತ ಹೇಳಿ, ಮುಂದೆ ಬರುತ್ತದೆ: 'ಅದರ ನಿಜವಾದ ಅರ್ಥ ಯಾರಿಗೂ ಗೊತ್ತಿಲ್ಲ, ಅಲ್ಲಾಹನ ಹೊರತು'. ಇಲ್ಲಿ ನಿಂತರೆ, ಮುಂದಿನದು ಹೊಸ ವಾಕ್ಯ: 'ಜ್ಞಾನದಲ್ಲಿ ಗಟ್ಟಿಯಾಗಿ ನಿಂತವರು, ನಾವು ಇದನ್ನು ನಂಬಿದೆವು ಅನ್ನುತ್ತಾರೆ'. ನಿಲ್ಲದೆ ಒಂದೇ ಉಸಿರಿನಲ್ಲಿ ಮುಂದೆ ಹೋದರೆ, 'ಅಲ್ಲಾಹ ಮತ್ತು ಜ್ಞಾನದಲ್ಲಿ ಗಟ್ಟಿಯಾಗಿ ನಿಂತವರ ಹೊರತು ಯಾರಿಗೂ ಗೊತ್ತಿಲ್ಲ' ಅಂತ ಆಗುತ್ತದೆ. ವಿದ್ವಾಂಸರಿಗೆ ಗೊತ್ತಾ, ಗೊತ್ತಿಲ್ಲವಾ? ಅದು ಒಂದು ಉಸಿರಿನ ಮೇಲೆ ನಿಂತಿದೆ. ಹೆಚ್ಚಿನವರು 'ಅಲ್ಲಾಹ' ಅಂದಲ್ಲಿ ನಿಲ್ಲುತ್ತಾರೆ. ಸೇರಿಸಿ ಓದುವ ಅಭಿಪ್ರಾಯವೂ ಹಳೆಯದೇ. ಎರಡೂ ಕಡೆ ದೊಡ್ಡವರು ಇದ್ದಾರೆ, ನಾನು ತೀರ್ಪು ಕೊಡುವವನಲ್ಲ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂದರೆ, ನಾನು ಕಪ್ಪು ಹಲಗೆಯಲ್ಲಿ ಮೂರು ಪದ ಬರೆಯುತ್ತೇನೆ: 'ಓದು ಬೇಡ ಆಟ'. ಒಬ್ಬ ಹುಡುಗನನ್ನು ಕರೆದು ಓದಲು ಹೇಳುತ್ತೇನೆ. ಅವನು ಖುಷಿಯಲ್ಲಿ "ಓದು ಬೇಡ, ಆಟ!" ಅನ್ನುತ್ತಾನೆ. ಮತ್ತೆ ಅವನ ಅಮ್ಮನ ಹಾಗೆ ಓದು ಅಂದರೆ "ಓದು, ಬೇಡ ಆಟ" ಅನ್ನುತ್ತಾನೆ. ಅಷ್ಟು ಸಾಕು, ವಕ್ಫ್ ಅಂದರೆ ಏನು ಅಂತ ಮತ್ತೆ ವಿವರಿಸಬೇಕಾಗಿ ಬಂದಿಲ್ಲ.

ಧ್ವನಿಪೆಟ್ಟಿಗೆಯವರ ಮಾತಿಗೆ ನನ್ನದೂ ಸೇರಿಸಿ ಟೀಚರ್. ವಚನದ ನಡುವೆ ಕತ್ತರಿಸಬೇಡಿ. ಅದು ಗೌರವದ ವಿಷಯ ಮಾತ್ರ ಅಲ್ಲ, ಅರ್ಥದ ವಿಷಯ.

ಕುಂಬಳೆ ಟೀಚರ್

ಎಲ್ಲರಿಗೂ ತುಂಬಾ ಉಪಕಾರ. ಎಲ್ಲವನ್ನೂ ಒಂದೇ ದಿನ ಮಾಡುವುದಿಲ್ಲ. ಈ ಶನಿವಾರ ನಿಲ್ಲುವುದು ಮಾತ್ರ. ಮಕ್ಕಳಿಗೆ ಒಂದು ಮನೆಗೆಲಸವೂ ಕೊಡುತ್ತೇನೆ, ತಮ್ಮ ಮನೆಯಿಂದ ಕೇಳುವ ಯಾವುದಾದರೂ ಒಂದರಲ್ಲಿ ನಿಲುಗಡೆ ಎಣಿಸಿಕೊಂಡು ಬರಲು.

ಕುಂಬಳೆ ಟೀಚರ್ (ಒಂದು ವಾರದ ನಂತರ)

ತರಗತಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ತುಣುಕುಗಳನ್ನು ಉಸಿರಿನಿಂದ ಉಸಿರಿಗೆ ಕತ್ತರಿಸಿದ್ದೆ. ಮೊದಲು 'ಓದು ಬೇಡ ಆಟ'. ಆಮೇಲೆ ಲ್ಯಾಟಿನ್ ಕೀರ್ತನೆಯ ಎರಡು ಸಾಲು ಹಾಕಿ, "ಇನ್ನೂ ಇದೆ" ಅನ್ನಿಸಿದಾಗ ಅಂಗೈ ತೆರೆಯಿರಿ, "ಮುಗಿಯಿತು" ಅನ್ನಿಸಿದಾಗ ಮುಷ್ಟಿ ಮಾಡಿ ಅಂದೆ. ಮೊದಲ ಸಾಲಿನಲ್ಲಿ ಅರ್ಧ ಮಕ್ಕಳು ತಪ್ಪಿದರು. ಎರಡನೇ ಸಾಲಿಗೆ ನಾಲ್ಕೈದು ಜನ ಬಿಟ್ಟು ಎಲ್ಲರ ಕೈಯೂ ಸರಿ ಇತ್ತು. ಯಾರೂ ನಗಲಿಲ್ಲ, ಯಾರೂ ಪಕ್ಕದವರನ್ನು ನೋಡಲಿಲ್ಲ.

ರುದ್ರದ ಗೆರೆ ಕಷ್ಟ ಆಯ್ತು. ಗುಡ್ಡ ಎಲ್ಲರಿಗೂ ಸಿಕ್ಕಿತು. ಬಯಲಿನಲ್ಲಿ ಕೆಲವರು ಮೂರು ಅಕ್ಷರಕ್ಕೂ ಮೂರು ಮೆಟ್ಟಿಲು ಹಾಕಿದ್ದಾರೆ. ಇನ್ನೊಮ್ಮೆ ಮಾಡಬೇಕು.

ಮನೆಗೆಲಸದಲ್ಲಿ ಒಬ್ಬ ಹುಡುಗ ಬಾಂಗ್ ಎಣಿಸಿಕೊಂಡು ಬಂದಿದ್ದಾನೆ. ಅವನ ಮನೆ ಪಳ್ಳಿಯ ಹಿಂದೆಯೇ, ಆದರೆ ಅವನು ಮುಸ್ಲಿಂ ಅಲ್ಲ. ಕಾಗದದಲ್ಲಿ ಬರೆದದ್ದು: "ಸಂಜೆ 12. ರಾತ್ರಿ 12. ಬೆಳಿಗ್ಗೆ 14. ಬೆಳಿಗ್ಗೆ ಮಾತ್ರ ಯಾಕೆ ಜಾಸ್ತಿ?" ತಪ್ಪು ಎಣಿಸಿದ್ದಾನಾ ಅಂತ ಅವನಿಗೂ ಸಂಶಯ, ಅದಕ್ಕೆ ಮೂರು ದಿನ ಎದ್ದು ಎಣಿಸಿದ್ದಾನೆ. ಉಸ್ತಾದ್, ಇದಕ್ಕೆ ಏನು ಹೇಳಲಿ?

ಉಪ್ಪಳದ ಉಸ್ತಾದ್

ಸುಬ್‌ಹಾನಲ್ಲಾಹ್. ಆ ಹುಡುಗನಿಗೆ ಹೇಳಿ, ಎಣಿಕೆ ಸರಿ ಇದೆ. ಬಾಂಗ್‌ನಲ್ಲಿ ಕೇಳುವ ವಾಕ್ಯ 15. ಅವನಿಗೆ 12 ಸಿಕ್ಕಿದ್ದು ಯಾಕೆಂದರೆ 'ಅಲ್ಲಾಹು ಅಕ್ಬರ್' ಎರಡೆರಡು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಶುರುವಿನ ನಾಲ್ಕು ಎರಡು ಉಸಿರು, ಕೊನೆಯ ಎರಡು ಒಂದು ಉಸಿರು. ಅವನು ಎಣಿಸಿದ್ದು ವಾಕ್ಯ ಅಲ್ಲ, ಉಸಿರು. ನೀವು ಕಲಿಸಿದ್ದೂ ಅದನ್ನೇ ಅಲ್ವಾ.

ಬೆಳಿಗ್ಗೆ ಎರಡು ಜಾಸ್ತಿ ಇರುವುದು ನಿಜ. ಸುಬ್‌ಹಿ ಬಾಂಗ್‌ನಲ್ಲಿ ಮಾತ್ರ 'ಅಸ್ಸಲಾತು ಖೈರುಂ ಮಿನನ್ನೌಮ್' ಅಂತ ಎರಡು ಸಲ ಬರುತ್ತದೆ. ನಿದ್ದೆಗಿಂತ ನಮಾಜ್ ಒಳ್ಳೆಯದು ಅಂತ ಅರ್ಥ. ಮಲಗಿದವರಿಗೆ ಹೇಳುವ ಮಾತು, ಹಗಲಿನಲ್ಲಿ ಬೇಕಾಗುವುದಿಲ್ಲ. 'ಹಯ್ಯ ಅಲಲ್ ಫಲಾಹ್' ಎರಡು ಸಲ ಆದ ಮೇಲೆ ಬರುತ್ತದೆ, ಹತ್ತು ಉಸಿರು ಆದ ಕೂಡಲೇ ಕಿವಿ ಕೊಡಲು ಹೇಳಿ.

ಬೇಳದವಳು

ಮೂರು ದಿನ ಬೆಳಿಗ್ಗೆ ಎದ್ದು ಎಣಿಸಿದನಾ ಆ ಮಗು! ಟೀಚರ್, ಅವನಿಗೆ ನನ್ನ ಕಡೆಯಿಂದ ಒಂದು ಪೆನ್ಸಿಲ್ ಪೆಟ್ಟಿಗೆ ಕೊಡಬೇಕು. ವಾಚನಾಲಯಕ್ಕೆ ತಂದು ಕೊಡುತ್ತೇನೆ.

ಹೊಸಂಗಡಿ ಗೇಟ್

ಇವತ್ತು ಐದು ಗಂಟೆಗೆ ಹೇಗೂ ಎಚ್ಚರ ಆಯ್ತು. ತಾಯಿಯೂ ಎದ್ದಿದ್ದರು. ಇಬ್ಬರೂ ಹಾಸಿಗೆಯಲ್ಲೇ ಕುಳಿತು ಎಣಿಸಿದೆವು. ಮೈಕಿನ ಬಗ್ಗೆ ನಾನು ಹೇಳಿದ ಮಾತು ಹಾಗೇ ಇದೆ, ಅದು ಕಡಿಮೆ ಆಗಬೇಕು. ಆದರೆ ನನಗೆ 14 ಸಿಕ್ಕಿತು, ತಾಯಿಗೆ 13. ಆ ನಿದ್ದೆಯ ಸಾಲನ್ನು ಎರಡನೇ ಸಲ ಹೇಳುವಾಗ ಮೊದಲಿಗಿಂತ ಜಾಸ್ತಿ ಎಳೆದರು ಉಸ್ತಾದ್. ಅದಕ್ಕೂ ಏನಾದರೂ ಲೆಕ್ಕ ಇದೆಯಾ, ಅಥವಾ ಅವರವರ ಉಸಿರಿಗೆ ಬಿಟ್ಟದ್ದಾ?